ಮಂಜೂರಾತಿ ಪತ್ರದಿಂದ ಚಾರ್ಜ್ ನೋಂದಣಿಯವರೆಗೆ: ಒಂದು ಸಾಲದ ಕಡತದ ಓದು

ಕಂಪನಿಯೊಂದು ಬ್ಯಾಂಕಿನಿಂದ ಸಾಲ ಪಡೆದಾಗ ಅದರ ಕೈಸೇರುವ ಮೊದಲ ಕಾಗದ ಮಂಜೂರಾತಿ ಪತ್ರ. ಸಾಲದ ಷರತ್ತುಗಳ ಪಟ್ಟಿ ಬೇಕೆಂದರೆ ಲೆಕ್ಕಿಗರೂ ವಕೀಲರೂ ಹೆಚ್ಚಾಗಿ ತೆರೆಯುವುದು ಇದನ್ನೇ. ಈ ಪತ್ರವೊಂದರಿಂದಲೇ ತಯಾರಾದ ಪಟ್ಟಿ ಅರೆಬರೆಯಾಗಿರುತ್ತದೆ, ಕೆಲವೊಮ್ಮೆ ತಪ್ಪೂ ಆಗಿರುತ್ತದೆ ಎಂಬುದು ಈ ಟಿಪ್ಪಣಿಯ ವಾದ. ಮಂಜೂರಾತಿ ಪತ್ರ ಸಾಲದ ರೂಪರೇಖೆಯನ್ನಷ್ಟೇ ಹೇಳುತ್ತದೆ. ಸಾಲಗಾರರನ್ನು ಕಟ್ಟಿಹಾಕುವ ಮಾತುಗಳು ಸಾಲದ ಕರಾರು, ಹೈಪೋಥಿಕೇಶನ್ ಕರಾರು, ಜಾಮೀನು ಪತ್ರ ಮತ್ತು ಅಡಮಾನದ ಜ್ಞಾಪನಪತ್ರಗಳಲ್ಲಿ ಹಂಚಿಹೋಗಿರುತ್ತವೆ. ಹೀಗಾಗಿ ದಸ್ತಾವೇಜುಗಳನ್ನು ಮೊದಲು ಓದಿ, ಅಲ್ಲಿಂದ ಮಂಜೂರಾತಿ ಪತ್ರಕ್ಕೆ ಹಿಂದಿರುಗುವುದು ಸರಿಯಾದ ಕ್ರಮ.

ಚರ್ಚೆಗಾಗಿ ಒಂದು ಕಡತವನ್ನು ಕಲ್ಪಿಸಿಕೊಂಡಿದ್ದೇನೆ. ಕಂಪನಿ ಕಾಲ್ಪನಿಕ, ಆದರೆ ಷರತ್ತುಗಳು ಇಂಥ ಕಡತಗಳಲ್ಲಿ ದಿನನಿತ್ಯ ಕಾಣುವಂಥವು. ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ನಾಲ್ಕು ಸಿಎನ್‌ಸಿ ಯಂತ್ರಗಳಿಗೆ 3 ಕೋಟಿ ರೂಪಾಯಿ ಅವಧಿ ಸಾಲ, ದಾಸ್ತಾನು ಮತ್ತು ಬರಬೇಕಾದ ಬಾಕಿಗಳ ಮೇಲೆ 2 ಕೋಟಿ ಕ್ಯಾಶ್ ಕ್ರೆಡಿಟ್. ಕೆಐಎಡಿಬಿ ನಿವೇಶನ ಮತ್ತು ಕಟ್ಟಡದ ಅಡಮಾನ. ಇಬ್ಬರು ನಿರ್ದೇಶಕರ ವೈಯಕ್ತಿಕ ಜಾಮೀನು.

ಕಟ್ಟುಪಾಡುಗಳಿಂದ ಆರಂಭಿಸೋಣ. ಸ್ಟಾಕ್ ಸ್ಟೇಟ್‌ಮೆಂಟನ್ನು ಪ್ರತಿ ತಿಂಗಳ 10ರೊಳಗೆ ಕೊಡಬೇಕು, ವಿಮೆಯಲ್ಲಿ ಬ್ಯಾಂಕಿನ ಹೆಸರು ಇರಬೇಕು ಎಂಬಂಥವನ್ನು ಗುರುತಿಸುವುದು ಸುಲಭ. ಕಷ್ಟ ಇರುವುದು ಲೆಕ್ಕದ ಕಟ್ಟುಪಾಡುಗಳಲ್ಲಿ. ನಮ್ಮ ಕಡತದ ಮಂಜೂರಾತಿ ಪತ್ರದಲ್ಲಿ ಒಂದೇ ಸಾಲಿದೆ: ಒಟ್ಟು ಹೊರಗಿನ ಹೊಣೆಗಳು ನಿವ್ವಳ ಸ್ವಂತ ಬಂಡವಾಳದ 3 ಪಟ್ಟು ಮೀರಬಾರದು. ಕಂಪನಿಯ ಷೇರು ಬಂಡವಾಳ ಮತ್ತು ಮೀಸಲು ಸೇರಿ 1.40 ಕೋಟಿ. ಬ್ಯಾಂಕ್ ಸಾಲ ಮತ್ತು ವ್ಯಾಪಾರದ ಬಾಕಿ ಸೇರಿ 5.40 ಕೋಟಿ. ಇವೆರಡಲ್ಲದೆ ನಿರ್ದೇಶಕರೇ ಭದ್ರತೆಯಿಲ್ಲದೆ ಕೊಟ್ಟ 60 ಲಕ್ಷದ ಕೈಸಾಲವಿದೆ. ಈ 60 ಲಕ್ಷವನ್ನು ಹೊಣೆ ಎಂದು ಎಣಿಸಿದರೆ 6 ಕೋಟಿಯನ್ನು 1.40 ಕೋಟಿಯಿಂದ ಭಾಗಿಸಬೇಕು. ಅನುಪಾತ ಸುಮಾರು 4.29 ಆಗುತ್ತದೆ, ಷರತ್ತು ಮುರಿದಂತೆ. ಸ್ವಂತ ಬಂಡವಾಳದ ಭಾಗ ಎಂದು ಎಣಿಸಿದರೆ 5.40 ಕೋಟಿಯನ್ನು 2 ಕೋಟಿಯಿಂದ ಭಾಗಿಸಿ 2.70 ಸಿಗುತ್ತದೆ, ಷರತ್ತು ಪಾಲಿಸಿದಂತೆ.

ಯಾವ ಲೆಕ್ಕ ಸರಿ ಎಂಬುದಕ್ಕೆ ಮಂಜೂರಾತಿ ಪತ್ರದಲ್ಲಿ ಉತ್ತರವಿಲ್ಲ. ಅದು ಸಾಲದ ಕರಾರಿನ ವ್ಯಾಖ್ಯೆಗಳ ಭಾಗದಲ್ಲಿದೆ. ಬ್ಯಾಂಕಿನ ಸಾಲ ತೀರುವವರೆಗೆ ತಮ್ಮ ಹಣ ವಾಪಸು ಕೇಳುವುದಿಲ್ಲ ಎಂದು ನಿರ್ದೇಶಕರು ಬರೆದುಕೊಟ್ಟ ಕೈಸಾಲವನ್ನು ಮಾತ್ರ ಬಂಡವಾಳಕ್ಕೆ ಸೇರಿಸಬಹುದು ಎಂದು ಅಲ್ಲಿ ಹೇಳಿದೆ. ಎಂದರೆ ಆ ಮುಚ್ಚಳಿಕೆ ಪತ್ರ ಕಡತದಲ್ಲಿ ಇದೆಯೇ, ಅದರಲ್ಲಿ ನಮೂದಾದ ಮೊತ್ತ 60 ಲಕ್ಷವೇ ಎಂಬುದರ ಮೇಲೆ ಇಡೀ ಅನುಪಾತ ನಿಂತಿದೆ. ಪಟ್ಟಿಯಲ್ಲಿ '3 ಪಟ್ಟು' ಎಂಬ ಸಂಖ್ಯೆಯ ಪಕ್ಕದಲ್ಲೇ ವ್ಯಾಖ್ಯೆಯ ಕಲಂ ಸಂಖ್ಯೆಯನ್ನೂ ಮುಚ್ಚಳಿಕೆಯ ದಿನಾಂಕವನ್ನೂ ಬರೆಯದಿದ್ದರೆ ಆ ನಮೂದಿನಿಂದ ಪ್ರಯೋಜನವಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ವರ್ಷದ ನಡುವೆ ಒಬ್ಬ ನಿರ್ದೇಶಕರು ಮಗಳ ಮದುವೆಗೆಂದು ತಮ್ಮ ಕೈಸಾಲದಲ್ಲಿ 10 ಲಕ್ಷ ವಾಪಸು ಪಡೆದರು ಎನ್ನಿ. ಆ ಹಣ ಕಂಪನಿಯ ನಗದಿನಿಂದಲೇ ಹೋಗಿದ್ದರೆ ಅನುಪಾತ 5.40 ಭಾಗಿಸು 1.90, ಅಂದರೆ ಸುಮಾರು 2.84. ಮಿತಿಯೊಳಗೇ ಇದೆ. ಆದರೂ ಕಂಪನಿ ಷರತ್ತು ಮುರಿದಿದೆ, ಏಕೆಂದರೆ ಕೈಸಾಲ ಹಿಂಪಡೆಯಬಾರದು ಎಂಬುದು ಬೇರೆಯೇ ಒಂದು ಕಟ್ಟುಪಾಡು. ಅನುಪಾತವನ್ನು ಮಾತ್ರ ನೋಡುವ ಲೆಕ್ಕ ಪರಿಶೋಧಕರ ಕಣ್ಣಿಗೆ ಇದು ಬೀಳುವುದಿಲ್ಲ. ಇವೆರಡನ್ನೂ ಪಟ್ಟಿಯಲ್ಲಿ ಬೇರೆ ಬೇರೆ ಸಾಲುಗಳಾಗಿಯೇ ಇಡಬೇಕು.

ಸುಸ್ತಿಯ ಪ್ರಸಂಗಗಳಿಗೆ ಬಂದರೆ, 'ಸುಸ್ತಿ' ಎಂಬ ತಲೆಬರಹದ ಕಲಮನ್ನು ಓದಿ ಮುಗಿಸುವವರೇ ಹೆಚ್ಚು. ನಮ್ಮ ಕಡತದ ಸಾಲದ ಕರಾರಿನಲ್ಲಿ ಆ ಕಲಂ ಸಾಕಷ್ಟು ಸೌಮ್ಯವಾಗಿದೆ. ಕಂತು ತಪ್ಪಿದರೆ ಕೂಡಲೇ ಸುಸ್ತಿ, ಉಳಿದ ಕಟ್ಟುಪಾಡು ಮುರಿದರೆ ನೋಟಿಸ್ ಕೊಟ್ಟು ಸರಿಪಡಿಸಲು 30 ದಿನ. ಆದರೆ ಹೈಪೋಥಿಕೇಶನ್ ಕರಾರಿನ ನಡುವಿನ ಒಂದು ಕಲಂ, ಸಾಲಗಾರರು ಯಾವುದೇ ಷರತ್ತು ಮುರಿದರೂ ಬ್ಯಾಂಕ್ ನೋಟಿಸಿಲ್ಲದೆ ಸರಕನ್ನು ವಶಕ್ಕೆ ಪಡೆಯಬಹುದು ಎನ್ನುತ್ತದೆ. ಅಲ್ಲಿ 30 ದಿನಗಳ ಮಾತೇ ಇಲ್ಲ. ಎರಡು ದಸ್ತಾವೇಜುಗಳಲ್ಲಿ ವಿರೋಧ ಬಂದರೆ ಯಾವುದು ಮೇಲು ಎಂಬ ಕಲಂ ಇದೆಯೇ ಎಂದು ಹುಡುಕಬೇಕು. ಇಲ್ಲದಿದ್ದರೆ ಎರಡೂ ಪಾಠಗಳನ್ನು ಇದ್ದಂತೆಯೇ ಪಟ್ಟಿಗೆ ಇಳಿಸಿ, ವಿರೋಧವಿದೆ ಎಂದು ಗುರುತು ಹಾಕಬೇಕು. ಓದುಗ ತಾನೇ ತೀರ್ಪು ಕೊಟ್ಟು ಒಂದನ್ನು ಬಿಟ್ಟುಬಿಡುವುದು ಸಲ್ಲದು.

ಕ್ಯಾಶ್ ಕ್ರೆಡಿಟ್ ಕೇಳಿದಾಗ ತೀರಿಸಬೇಕಾದ ಸಾಲ. ಸುಸ್ತಿಯಾಗದಿದ್ದರೂ ಬ್ಯಾಂಕ್ ಅದನ್ನು ವಾಪಸು ಕೇಳಬಹುದು. ಕೇಳಿದ ಮೇಲೆ ತೀರಿಸದಿದ್ದರೆ ಅದೇ ಸುಸ್ತಿ, ಮತ್ತು ಒಂದು ಸಾಲದ ಸುಸ್ತಿಯನ್ನು ಎಲ್ಲ ಸಾಲಗಳ ಸುಸ್ತಿ ಎಂದು ಕಾಣುವ ಕಲಮಿನಿಂದಾಗಿ ಕಂತು ಸರಿಯಾಗಿ ಕಟ್ಟುತ್ತಿದ್ದ ಅವಧಿ ಸಾಲವೂ ಸುಸ್ತಿಗೆ ಜಾರುತ್ತದೆ. ಈ ಸರಪಳಿಯನ್ನು ಪಟ್ಟಿಯಲ್ಲಿ ಬಾಣ ಹಾಕಿ ತೋರಿಸುವುದು ಒಳ್ಳೆಯದು.

ಕರಾರಿನ ಸುಸ್ತಿ ಬೇರೆ, ರಿಸರ್ವ್ ಬ್ಯಾಂಕ್ ನಿಯಮದ ವರ್ಗೀಕರಣ ಬೇರೆ. ಮಾರ್ಚ್ 31ರ ಕಂತು ಬರದಿದ್ದರೆ ಆ ದಿನದ ಕೊನೆಗೇ ಖಾತೆ ಎಸ್‌ಎಂಎ-0 ಆಗುತ್ತದೆ. ಬಾಕಿ ಹಾಗೆಯೇ ಮುಂದುವರಿದರೆ ಏಪ್ರಿಲ್ 30ಕ್ಕೆ ಎಸ್‌ಎಂಎ-1, ಮೇ 30ಕ್ಕೆ ಎಸ್‌ಎಂಎ-2, ಜೂನ್ 29ಕ್ಕೆ ಅನುತ್ಪಾದಕ ಖಾತೆ. 2002ರ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನ 60 ದಿನಗಳ ನೋಟಿಸ್ ಹೊರಡುವುದು ಈ ಕೊನೆಯ ಹಂತದ ನಂತರ. ಕೈಸಾಲ ಹಿಂಪಡೆದಂಥ ತಪ್ಪು ಕರಾರಿನ ಪ್ರಕಾರ ಸುಸ್ತಿಯಾಗಬಹುದು, ಆದರೆ ಕಂತುಗಳು ಬರುತ್ತಿರುವಷ್ಟು ಕಾಲ ಅದರಿಂದಲೇ ಖಾತೆ ಅನುತ್ಪಾದಕವಾಗುವುದಿಲ್ಲ. ಅದಕ್ಕೆ ಬೀಳುವುದು ಸಾಮಾನ್ಯವಾಗಿ ದಂಡ ಶುಲ್ಕ. 2023ರ ಆಗಸ್ಟ್ 18ರ ಸುತ್ತೋಲೆಯ ಮೂಲಕ ರಿಸರ್ವ್ ಬ್ಯಾಂಕ್ ಇದನ್ನು ಬಡ್ಡಿ ದರಕ್ಕೆ ಸೇರಿಸಿ ದಂಡ ಬಡ್ಡಿಯಾಗಿ ವಸೂಲು ಮಾಡುವುದನ್ನು ನಿಲ್ಲಿಸಿತು. ಹಳೆಯ ನಮೂನೆಯ ಕರಾರಿನಲ್ಲಿ 'ಶೇ. 2 ಹೆಚ್ಚುವರಿ ಬಡ್ಡಿ' ಎಂಬ ಸಾಲು ಇನ್ನೂ ಉಳಿದಿದ್ದರೆ ಅದನ್ನು ಪ್ರತ್ಯೇಕವಾಗಿ ಎತ್ತಿ ತೋರಿಸಬೇಕು.

ಚಾರ್ಜ್‌ಗಳ ವಿಷಯದಲ್ಲಿ ಹೆಚ್ಚು ನಿಧಾನವಾಗಿ ಓದಬೇಕು. ಮಂಜೂರಾತಿ ಪತ್ರದ ಪ್ರಕಾರ ಅವಧಿ ಸಾಲಕ್ಕೆ ಭದ್ರತೆ 'ಸಾಲದಿಂದ ಕೊಂಡ ಯಂತ್ರಗಳು', ಅಂದರೆ ನಾಲ್ಕೇ. ಹೈಪೋಥಿಕೇಶನ್ ಕರಾರಿನ ಅನುಸೂಚಿಯಲ್ಲಿ ಬರೆದಿರುವುದು 'ಈಗಿರುವ ಮತ್ತು ಮುಂದೆ ಬರುವ ಎಲ್ಲ ಚರ ಯಂತ್ರೋಪಕರಣಗಳು'. ಸಹಿ ಬಿದ್ದಿರುವುದು ಎರಡನೆಯದಕ್ಕೆ. ಮುಂದಿನ ವರ್ಷ ಕಂಪನಿ ಐದನೆಯ ಯಂತ್ರವನ್ನು ಬೇರೊಂದು ಹಣಕಾಸು ಸಂಸ್ಥೆಯ ಸಾಲದಿಂದ ಕೊಂಡು, ಆ ಸಂಸ್ಥೆಗೆ ಚಾರ್ಜ್ ಬರೆದುಕೊಟ್ಟರೆ ಮೂರು ತೊಡಕುಗಳು ಒಟ್ಟಿಗೇ ಬರುತ್ತವೆ. ಐದನೆಯ ಯಂತ್ರ ಆಗಲೇ ಮೊದಲ ಬ್ಯಾಂಕಿನ ಚಾರ್ಜಿನೊಳಗೆ ಬಂದಿದೆ ಎಂಬ ವಾದಕ್ಕೆ ದಾರಿಯಾಗುತ್ತದೆ. ಅನುಮತಿಯಿಲ್ಲದೆ ಹೊಸ ಸಾಲ ಮಾಡಬಾರದು ಎಂಬ ಕಟ್ಟುಪಾಡು ಮುರಿಯುತ್ತದೆ. ಅಲ್ಲಿಂದ ಸುಸ್ತಿಯ ಸರಪಳಿ ಶುರುವಾಗುತ್ತದೆ. ಮಂಜೂರಾತಿ ಪತ್ರ ಮಾತ್ರ ಓದಿದ ನಿರ್ದೇಶಕರಿಗೆ ಇದರ ಸುಳಿವೇ ಇರುವುದಿಲ್ಲ. ಸಹಿ ಹಾಕುವ ಮುನ್ನ ಅನುಸೂಚಿಯಲ್ಲಿ ನಾಲ್ಕು ಯಂತ್ರಗಳ ಕ್ರಮಸಂಖ್ಯೆ ಬರೆಸಿ, ಉಳಿದ ಮಾತುಗಳನ್ನು ತೆಗೆಸಲು ಕೇಳುವುದು ಸಾಲಗಾರರ ಹಕ್ಕು. ಆಗಲೇ ಕೇಳಬೇಕು, ಆಮೇಲೆ ಹೊಸ ಸಾಲಕ್ಕೆ ಪ್ರತಿ ಸಲವೂ ಬ್ಯಾಂಕಿನ ಒಪ್ಪಿಗೆ ಪತ್ರಕ್ಕೆ ಕಾಯಬೇಕಾಗುತ್ತದೆ.

ಅನುಸೂಚಿಯ ಜೊತೆಗೆ, ಚಾರ್ಜ್ ಯಾವ ಸಾಲಕ್ಕೆ ಎಂಬ ಕಲಮನ್ನೂ ನೋಡಬೇಕು. 'ಈ ಸಾಲ ಮತ್ತು ಸಾಲಗಾರರು ಬ್ಯಾಂಕಿಗೆ ಕೊಡಬೇಕಾದ ಇತರ ಎಲ್ಲ ಹಣ' ಎಂದಿದ್ದರೆ ಅವಧಿ ಸಾಲ ತೀರಿದ ಮೇಲೂ ಆ ಯಂತ್ರಗಳು ಕ್ಯಾಶ್ ಕ್ರೆಡಿಟ್‌ಗೆ ಭದ್ರತೆಯಾಗಿ ಉಳಿಯುತ್ತವೆ.

ನಿವೇಶನದ ಅಡಮಾನ ಹಕ್ಕುಪತ್ರಗಳನ್ನು ಒಪ್ಪಿಸಿ ಮಾಡಿದ್ದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಮಿನ (ಎಫ್) ಉಪಕಲಂ ಇದಕ್ಕೆ ಆಧಾರ. ಅಡಮಾನ ಹುಟ್ಟುವುದು ಪತ್ರಗಳನ್ನು ಒಪ್ಪಿಸಿದ ಕ್ರಿಯೆಯಿಂದ, ಜ್ಞಾಪನಪತ್ರದಿಂದಲ್ಲ. ಹಾಗಾಗಿ ಜ್ಞಾಪನಪತ್ರದ ಕ್ರಿಯಾಪದಗಳನ್ನು ಗಮನಿಸಿ ಓದಬೇಕು. ಮಾರ್ಚ್ 5ರ ಜ್ಞಾಪನಪತ್ರ 'ಮಾರ್ಚ್ 4ರಂದು ಒಪ್ಪಿಸಲಾಗಿದೆ' ಎಂದರೆ ಆಗಿಹೋದ ಸಂಗತಿಯ ದಾಖಲೆ. 'ಈ ಮೂಲಕ ಒಪ್ಪಿಸುತ್ತೇವೆ, ಅಡಮಾನ ಮಾಡುತ್ತೇವೆ' ಎಂದು ಷರತ್ತುಗಳನ್ನೂ ಸೇರಿಸಿದ್ದರೆ ಆ ಕಾಗದವೇ ಅಡಮಾನದ ಕರಾರಾಗಿ, ನೋಂದಣಿ ಕಡ್ಡಾಯವಾಗುತ್ತದೆ. ಈ ಭೇದವನ್ನು ಸುಪ್ರೀಂ ಕೋರ್ಟ್ 1950ರ ರಚ್‌ಪಾಲ್ ಮಹಾರಾಜ್ ಪ್ರಕರಣದಲ್ಲಿ ವಿವರಿಸಿದೆ. ಪತ್ರಗಳನ್ನು ಒಪ್ಪಿಸಿ ಮಾಡಿದ, ನೋಂದಣಿಯಾಗದ ಅಡಮಾನ ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪ್ರಮಾಣಪತ್ರದಲ್ಲಿ ಕಾಣದಿರಬಹುದು. ಪ್ರಮಾಣಪತ್ರ ಖಾಲಿಯಿದೆ ಎಂದ ಮಾತ್ರಕ್ಕೆ ಆಸ್ತಿ ಋಣಮುಕ್ತ ಎನ್ನುವಂತಿಲ್ಲ.

ಚಾರ್ಜ್ ಸೃಷ್ಟಿಯಾದ ದಿನ ಮಾರ್ಚ್ 4 ಎಂದಾದರೆ ಕಂಪನಿಗಳ ಕಾಯ್ದೆ 2013ರ 77ನೇ ಕಲಮಿನ ಗಡುವು ಆ ದಿನದಿಂದಲೇ ನಡೆಯುತ್ತದೆ. ಸಿಎಚ್‌ಜಿ-1 ನಮೂನೆಯನ್ನು 30 ದಿನಗಳಲ್ಲಿ, ಅಂದರೆ ಏಪ್ರಿಲ್ 3ರೊಳಗೆ ಸಲ್ಲಿಸಬೇಕು. ಹೆಚ್ಚುವರಿ ಶುಲ್ಕದೊಂದಿಗೆ ಇನ್ನೂ 30 ದಿನ, ಆಮೇಲೆ ಮೌಲ್ಯಾಧಾರಿತ ಶುಲ್ಕದೊಂದಿಗೆ ಮತ್ತೆ 60 ದಿನ ಸಿಗುತ್ತದೆ. ಕೊನೆಯ ದಿನ ಜುಲೈ 2. ನೋಂದಣಿಯಾಗದ ಚಾರ್ಜನ್ನು ಕಂಪನಿ ಮುಚ್ಚುವಾಗ ಸಮಾಪನಾಧಿಕಾರಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲಿನಲ್ಲಿ ಚಾರ್ಜ್ ಸೂಚಿಯ ಸಾರಾಂಶ ನೋಡಿ ತೃಪ್ತರಾಗಬಾರದು. ನಮೂನೆಗೆ ಲಗತ್ತಿಸಿದ ಕರಾರನ್ನು ತೆರೆದು, ನಮೂನೆಯ ವಿವರಣೆ ಅದಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು. ನಮ್ಮ ಕಡತದಲ್ಲಿ ನಮೂನೆ 'ನಾಲ್ಕು ಯಂತ್ರ' ಎನ್ನುತ್ತದೆ, ಲಗತ್ತು 'ಎಲ್ಲ ಯಂತ್ರ' ಎನ್ನುತ್ತದೆ. ಇದೊಂದಲ್ಲದೆ ಸೆರ್ಸೈ ದಾಖಲೆಯೂ ಇದೆ. 2020ರ ಜನವರಿಯಿಂದ ಜಾರಿಯಲ್ಲಿರುವ ಸರ್ಫೇಸಿ ಕಾಯ್ದೆಯ 26ಡಿ ಕಲಮಿನಂತೆ, ಅಲ್ಲಿ ನೋಂದಾಯಿಸದ ಭದ್ರತೆಯ ಮೇಲೆ ಬ್ಯಾಂಕ್ ಆ ಕಾಯ್ದೆಯ ಜಪ್ತಿ ಅಧಿಕಾರ ಬಳಸುವಂತಿಲ್ಲ.

ಒಪ್ಪಿಸಿದ ಪತ್ರಗಳು ಯಾವುವು ಎಂದು ಜ್ಞಾಪನಪತ್ರದ ಪಟ್ಟಿಯಲ್ಲಿ ನೋಡಿದರೆ ಕ್ರಯಪತ್ರ ಇಲ್ಲ. ಇರುವುದು ಕೆಐಎಡಿಬಿಯ ಗುತ್ತಿಗೆ-ಸಹ-ಮಾರಾಟ ಕರಾರು, ಸ್ವಾಧೀನ ಪತ್ರ ಮತ್ತು ಅಡಮಾನಕ್ಕೆ ಮಂಡಳಿ ಕೊಟ್ಟ ನಿರಾಕ್ಷೇಪಣಾ ಪತ್ರ. ಆದ್ದರಿಂದ ಚಾರ್ಜ್ ಇರುವುದು ಗುತ್ತಿಗೆ ಹಕ್ಕಿನ ಮೇಲೆ. ಪಟ್ಟಿಯಲ್ಲಿ 'ನಿವೇಶನದ ಅಡಮಾನ' ಎಂದು ಬರೆದರೆ ತಪ್ಪಾಗುತ್ತದೆ. ಮುಂದೆ ಮಂಡಳಿ ಕ್ರಯಪತ್ರ ಮಾಡಿಕೊಟ್ಟಾಗ ಅದನ್ನು ಬ್ಯಾಂಕಿಗೆ ಒಪ್ಪಿಸಬೇಕು ಎಂಬ ವಾಗ್ದಾನ ಮಂಜೂರಾತಿ ಪತ್ರದ ವಿಶೇಷ ಷರತ್ತುಗಳಲ್ಲಿದೆ. ನಿರಾಕ್ಷೇಪಣಾ ಪತ್ರದಲ್ಲಿ ನಮೂದಾಗಿರುವ ಸಾಲದ ಮೊತ್ತ 3 ಕೋಟಿ ಮಾತ್ರ, ಅಡಮಾನ ಬರೆದಿರುವುದು 5 ಕೋಟಿಗೆ. ಉಳಿದ 2 ಕೋಟಿಗೆ ಮಂಡಳಿಯಿಂದ ಇನ್ನೊಂದು ಪತ್ರ ಬೇಕೆಂದು ಈ ಸಾಲಿನ ಮುಂದೆ ಬರೆದು, ಅದನ್ನು ತರಬೇಕಾದವರ ಹೆಸರನ್ನೂ ಗಡುವನ್ನೂ ಸೇರಿಸಬೇಕು.