ಗಾಜಿನ ಹೊಟ್ಟೆ ಕರಗಿಸಿದ ರಸ್ತೆ ಇಂಜಿನಿಯರ್

ಫ್ರಾನ್ಸಿನ ಪಶ್ಚಿಮ ತೀರದಲ್ಲಿ, ಜಿರೋಂದ್ ಅಳಿವೆ ಕಡಲು ಸೇರೋ ಜಾಗದಲ್ಲಿ, ನೀರಿನ ಮಧ್ಯೆ ಒಂದು ಗೋಪುರ ನಿಂತಿದೆ. ಹೆಸರು ಕೊರ್ದುವಾ. ಕಟ್ಟಿ ಮುಗಿಸಿದ್ದು 1611ರಲ್ಲಿ. ಬೋರ್ಡೋ ಬಂದರಿಗೆ ಹೋಗೋ ಹಡಗುಗಳು ಮರಳ ದಿಬ್ಬಗಳನ್ನ ತಪ್ಪಿಸಿಕೊಂಡು ಈ ಗೋಪುರ ನೋಡಿಕೊಂಡೇ ಒಳಗೆ ಬರಬೇಕಿತ್ತು. 1823ರ ಜುಲೈ 25ರಂದು ಇದರ ತುದಿಯಲ್ಲಿ ಹೊಸ ಥರದ ದೀಪ ಹೊತ್ತಿತು. ಆ ದೀಪದ ಕಥೆ ಹೇಳೋಕೆ ನಾನು ಒಬ್ಬ ಹುಡುಗನನ್ನ ಕಲ್ಪಿಸಿಕೊಂಡಿದ್ದೀನಿ. ದೀಪ ಕಾಯೋ ಮುದುಕನ ಹತ್ತಿರ ಕೆಲಸ ಕಲೀತಿರೋ ಹುಡುಗ. ಅವನೂ ಮುದುಕನೂ ನನ್ನ ಸೃಷ್ಟಿ, ಅವರು ಮುಟ್ಟೋ ಯಂತ್ರ ಮಾತ್ರ ನಿಜ.

ಮುದುಕನ ಆಯಸ್ಸೆಲ್ಲ ಕಳೆದದ್ದು ಕನ್ನಡಿ ಒರೆಸೋದ್ರಲ್ಲಿ. ಆಗಿನ ಲೈಟ್‌ಹೌಸುಗಳಲ್ಲಿ ಎಣ್ಣೆ ದೀಪದ ಹಿಂದೆ ಬೋಗುಣಿಯಾಕಾರದ ಲೋಹದ ಕನ್ನಡಿ ಇರ್ತಿತ್ತು, ತಾಮ್ರದ ಮೇಲೆ ಬೆಳ್ಳಿ ಲೇಪ. ಎಷ್ಟೇ ತಿಕ್ಕಿದ್ರೂ ಬಿದ್ದ ಬೆಳಕಿನಲ್ಲಿ ಸುಮಾರು ಅರ್ಧವನ್ನ ಆ ಲೋಹವೇ ನುಂಗುತ್ತಿತ್ತು. ಹಾಗಿರುವಾಗ ಪೆಟ್ಟಿಗೆಗಳಲ್ಲಿ ಗಾಜು ಬಂದಿಳೀತು. ಜೊತೆಗೆ ಜೋಡಣೆ ನೋಡಿಕೊಳ್ಳೋಕೆ ಒಬ್ಬ ತೆಳ್ಳನೆಯ ಇಂಜಿನಿಯರ್, ಓಗುಸ್ತಾಂ ಫ್ರೆನೆಲ್. ಸರ್ಕಾರದ ರಸ್ತೆ-ಸೇತುವೆ ಇಲಾಖೆಯವನು. ಬೆಳಕು ಅಲೆ ಅಂತ ಗಣಿತ ಹಾಕಿ ತೋರಿಸಿದ್ದೂ ಇವನೇ. ದಿನಗೂಲಿ ಲೆಕ್ಕ ಬರೆದು ಉಳಿದ ಹೊತ್ತಲ್ಲಿ ಭೌತಶಾಸ್ತ್ರ ಮಾಡಿದವನು ಅನ್ನೋದು ನನಗೆ ಇವನ ಮೇಲಿರೋ ಪ್ರೀತಿಗೆ ಅರ್ಧ ಕಾರಣ.

"ಇದೇನ್ರೀ ಯಜಮಾನ್ರೇ, ಗಾಜು ಒಡೆದು ಮತ್ತೆ ಅಂಟಿಸಿದಂಗಿದೆ?" ಅಂತ ಹುಡುಗ ಕೇಳಿರಬೇಕು. ಯಾಕಂದ್ರೆ ಆ ಲೆನ್ಸ್ ಕಾಣೋದೇ ಹಾಗೆ. ನಡುವೆ ಒಂದು ದುಂಡನೆಯ ಉಬ್ಬು, ಸುತ್ತ ಬಳೆ ಒಳಗೆ ಬಳೆ ಇಟ್ಟಂತೆ ಗಾಜಿನ ಉಂಗುರಗಳು, ಒಂದೊಂದೂ ಕಮಾನು ಕಮಾನಾಗಿ ಎರಕ ಹೊಯ್ದ ತುಂಡುಗಳನ್ನ ಸೇರಿಸಿ ಮಾಡಿದ್ದು. ಕೈಯಾಡಿಸಿದ್ರೆ ಮೆಟ್ಟಿಲು ಸಿಗುತ್ತೆ.

ಮೆಟ್ಟಿಲು ಯಾಕೆ ಅಂತ ತಿಳಿಯೋಕೆ, ಅದಿಲ್ಲದಿದ್ರೆ ಏನಾಗ್ತಿತ್ತು ಅಂತ ನೋಡಬೇಕು. ದೀಪದ ಸುತ್ತ ಎಂಟು ಲೆನ್ಸ್ ಫಲಕ, ಎಂಟು ಮೂಲೆಯ ಪಂಜರದ ಹಾಗೆ. ಜ್ವಾಲೆಯಿಂದ ಪ್ರತಿ ಫಲಕ 92 ಸೆಂಟಿಮೀಟರ್ ದೂರ. ಅಷ್ಟು ದೂರದಲ್ಲಿ ಎಂಟು ಫಲಕ ಸಂದಿಲ್ಲದೆ ಕೂರಬೇಕಾದ್ರೆ ಒಂದೊಂದೂ ಸುಮಾರು 76 ಸೆಂಟಿಮೀಟರ್ ಅಗಲ ಬೇಕು. ಈಗ ಅದೇ ಅಗಲದ, ಅದೇ 92 ಸೆಂಟಿಮೀಟರ್ ಫೋಕಸ್‌ನ ಒಂದು ಮಾಮೂಲಿ ಭೂತಗನ್ನಡಿ ಮಾಡ್ತೀವಿ ಅನ್ಕೊಳ್ಳಿ. ನಾನು ಲೆಕ್ಕ ಹಾಕಿ ನೋಡಿದೆ: ನಡುವಿನ ದಪ್ಪ ಹತ್ತಿರ ಹತ್ತಿರ 19 ಸೆಂಟಿಮೀಟರ್, ತೂಕ 115 ಕಿಲೋ. ಅಂಥವು ಎಂಟು. ಅಷ್ಟು ದಪ್ಪದ ಗಾಜನ್ನ ಗುಳ್ಳೆಯಿಲ್ಲದೆ ಎರಕ ಹೊಯ್ಯೋದು ಆಗ ಆಗದ ಮಾತು. ಹೊಯ್ದರೂ ಬೆಳಕು ಅದರೊಳಗೆ ಹಾದು ಹೋಗುವಾಗಲೇ ಮಂಕಾಗ್ತಿತ್ತು.

ಇಲ್ಲೇ ಇರೋದು ಕಿತಾಪತಿ. ಗಾಜಿನ ಒಳಗೆ ಬೆಳಕು ನೇರವಾಗಿಯೇ ಹೋಗುತ್ತೆ, ಬಾಗೋದು ಗಾಳಿಯಿಂದ ಗಾಜಿಗೆ ಬರುವಾಗ, ಗಾಜಿಂದ ಗಾಳಿಗೆ ಹೋಗುವಾಗ ಮಾತ್ರ. ಎಷ್ಟು ಬಾಗುತ್ತೆ ಅನ್ನೋದು ಆ ಜಾಗದಲ್ಲಿ ಮೇಲ್ಮೈ ಎಷ್ಟು ಓರೆಯಾಗಿದೆ ಅನ್ನೋದರ ಮೇಲೆ ನಿಂತಿದೆ. ಅಂದ್ರೆ ಓರೆ ಮುಖ್ಯ, ಅದರ ಹಿಂದಿನ ಗಾಜಿನ ಹೊಟ್ಟೆ ಬರೀ ಭಾರ. ಹಳೇ ಕಾರ್ಖಾನೆಗಳ ಗರಗಸದ ಹಲ್ಲಿನಂಥ ಮಾಡು ನೋಡಿರ್ತೀರಲ್ಲ. ಅಷ್ಟು ದೊಡ್ಡ ಕಟ್ಟಡಕ್ಕೆ ಒಂದೇ ಇಳಿಜಾರಿನ ಮಾಡು ಹಾಕಿದ್ರೆ ಅದು ಆಕಾಶಕ್ಕೆ ಹೋಗುತ್ತೆ. ಅದಕ್ಕೇ ಇಳಿಜಾರು ಅಷ್ಟೇ ಇಟ್ಟು, ಅದನ್ನೇ ತುಂಡು ತುಂಡು ಮಾಡಿ ಒಂದೇ ಮಟ್ಟಕ್ಕೆ ಇಳಿಸ್ತಾರೆ. ಫ್ರೆನೆಲ್ ಗಾಜಿಗೆ ಮಾಡಿದ್ದೂ ಅದನ್ನೇ. ಕಾಲೇಜಿನಲ್ಲಿ ಓವರ್‌ಹೆಡ್ ಪ್ರೊಜೆಕ್ಟರ್ ಕಂಡಿದ್ದವರಿಗೆ ಗೊತ್ತಿರುತ್ತೆ, ಹಾಳೆ ಇಡೋ ಗಾಜಿನ ಕೆಳಗೆ ಹಳೇ ಗ್ರಾಮಫೋನ್ ತಟ್ಟೆಯಂಥ ಸಣ್ಣ ಗೆರೆಗಳ ಪ್ಲಾಸ್ಟಿಕ್ ಫಲಕ ಇರ್ತಿತ್ತು. ಅದೂ ಇದೇ ಲೆನ್ಸ್.

ಈ ಯೋಚನೆ ಮೊದಲು ಬಂದದ್ದು ಫ್ರೆನೆಲ್‌ಗಲ್ಲ. 1748ರಲ್ಲೇ ಬುಫೋಂ ಮೆಟ್ಟಿಲು ಲೆನ್ಸಿನ ಮಾತೆತ್ತಿದ್ದ. ಆದರೆ ಅವನ ಲೆಕ್ಕದಲ್ಲಿ ಅದನ್ನ ಒಂದೇ ಗಾಜಿನಿಂದ ಅರೆದು ತೆಗೀಬೇಕಿತ್ತು. ಆಮೇಲೆ ಕೊಂದೋರ್ಸೆ ತುಂಡು ಜೋಡಿಸಬಹುದು ಅಂದ. ಫ್ರೆನೆಲ್ ಇದ್ಯಾವುದೂ ಗೊತ್ತಿಲ್ಲದೆ ತಾನೇ ಯೋಚಿಸಿದ್ದು, ಆಮೇಲೆ ದೀಪಸ್ತಂಭಗಳ ಆಯೋಗದ ಮುಂದೆ ಇಟ್ಟಾಗ ಹಳೇ ಕಥೆ ತಿಳೀತು. ಆದ್ರೆ ತುಂಡು ಜೋಡಿಸೋದ್ರಲ್ಲಿ ಇನ್ನೊಂದು ಲಾಭವಿತ್ತು. ಅದನ್ನ ಪೂರ್ತಿ ದುಡಿಸಿಕೊಂಡವನು ಮಾತ್ರ ಇವನೇ. ಗೋಳದಿಂದ ಕತ್ತರಿಸಿದ ದೊಡ್ಡ ಲೆನ್ಸಿನ ಅಂಚು ಬೆಳಕನ್ನ ಅಗತ್ಯಕ್ಕಿಂತ ಜಾಸ್ತಿ ಬಾಗಿಸುತ್ತೆ, ಕಿರಣಗಳು ಚೆದುರಿ ಹೋಗುತ್ವೆ. ಉಂಗುರಗಳು ಬೇರೆ ಬೇರೆಯಾದ್ರೆ ಒಂದೊಂದರ ಓರೆಯನ್ನೂ ಬೇರೆಯಾಗಿ ಲೆಕ್ಕ ಹಾಕಿ, ಎಲ್ಲ ಉಂಗುರದ ಬೆಳಕೂ ಸಮಾನಾಂತರವಾಗಿ ಹೊರಡೋ ಹಾಗೆ ಮಾಡಬಹುದು. ಭಾರ ಇಳಿಸೋಕೆ ಹೋಗಿ ಗುರಿಯೂ ನೇರವಾಯ್ತು.

ಇನ್ನು ಹುಡುಗನ ಕೆಲಸ. ಎಲ್ಲ ಸರಿಯಾಗಿದ್ರೂ ಜ್ವಾಲೆ ತನ್ನ ಜಾಗದಲ್ಲಿ ಇಲ್ಲದಿದ್ರೆ ಅಷ್ಟೂ ಗಾಜು ದಂಡ. ಬತ್ತಿ ಒಂದು ಸೆಂಟಿಮೀಟರ್ ಕೆಳಗಿಳಿದ್ರೆ ಕಿರಣ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಮೇಲಕ್ಕೆ ವಾಲುತ್ತೆ. ಕೇಳೋಕೆ ಏನೂ ಅಲ್ಲ. ಆದ್ರೆ ಹತ್ತು ಕಿಲೋಮೀಟರ್ ದೂರ ಹೋಗುವಷ್ಟರಲ್ಲಿ ಅದು ಇರಬೇಕಾದ ಮಟ್ಟಕ್ಕಿಂತ ನೂರು ಮೀಟರ್ ಮೇಲೆ. ಜ್ವಾಲೆಗೇ ಒಂದಿಷ್ಟು ಎತ್ತರ ಇರೋದ್ರಿಂದ ಕಡಲು ಪೂರ್ತಿ ಕತ್ತಲಾಗಲ್ಲ ನಿಜ. ಆದ್ರೆ ಬೆಳಕಿನ ಗಟ್ಟಿ ಭಾಗ ಹಡಗಿನ ತಲೆ ಮೇಲೆ ಹಾದು ಮೋಡಕ್ಕೆ ಹೋಗುತ್ತೆ. ಗೋಪುರದೊಳಗೆ ನಿಂತವನಿಗೆ ದೀಪ ಝಗಝಗ ಉರೀತಾನೇ ಇರುತ್ತೆ, ತಪ್ಪು ಕಾಣೋದು ಹಡಗಿನವನಿಗೆ ಮಾತ್ರ.

ಹಾಗಾದ್ರೆ ತಿಳ್ಕೊಳ್ಳೋದು ಹೇಗೆ?

"ಹಗಲು ಹೊತ್ತಲ್ಲಿ ನೋಡಬೇಕು ಮಗಾ," ಅಂತಾನೆ ಮುದುಕ. ಬತ್ತಿಯ ಮೇಲೆ, ಜ್ವಾಲೆ ಇರಬೇಕಾದ ಜಾಗದಲ್ಲಿ, ಒಂದು ಬಿಳಿ ಕಾಗದ ಹಿಡೀತಾನೆ. ಲೆನ್ಸಿನ ಆಚೆಯ ಕಡಲು ಕಾಗದದ ಮೇಲೆ ತಲೆಕೆಳಗಾಗಿ ಮೂಡುತ್ತೆ, ನೀರು ಮೇಲೆ, ಆಕಾಶ ಕೆಳಗೆ, ನಡುವೆ ದಿಗಂತದ ಗೆರೆ. "ಆ ಗೆರೆ ಎಲ್ಲಿ ಬಿತ್ತೋ, ಬೆಂಕಿಯ ಗಟ್ಟಿ ಬೆಳಕು ಅಲ್ಲಿರಬೇಕು. ಬರೋ ದಾರಿಯೇ ಹೋಗೋ ದಾರಿ."

ಹುಡುಗ ತುಂಬ ಹೊತ್ತು ಆ ಕಾಗದವನ್ನೇ ನೋಡ್ತಾ ನಿಂತಿರಬೇಕು ಅನ್ಸುತ್ತೆ ನನಗೆ.

ದೀಪವೂ ಸಾಮಾನ್ಯದ್ದಲ್ಲ. ಒಂದರೊಳಗೊಂದು ನಾಲ್ಕು ದುಂಡನೆ ಬತ್ತಿ, ಫ್ರೆನೆಲ್ ಮತ್ತು ಅವನ ಗೆಳೆಯ ಅರಗೋ ಸೇರಿ ಮಾಡಿದ್ದು. ಅಷ್ಟು ಬಿಸಿಗೆ ಬತ್ತಿ ಕರಕಲಾಗದಿರಲಿ ಅಂತ ಉರಿಯೋದಕ್ಕಿಂತ ಜಾಸ್ತಿ ಎಣ್ಣೆಯನ್ನ ಪಂಪು ಮೇಲಕ್ಕೆ ತಳ್ಳಿ, ಉಕ್ಕಿ ಹರಿಯೋ ಹಾಗೆ ಮಾಡ್ತಿತ್ತು. ಇಡೀ ಪಂಜರವನ್ನ ಗಡಿಯಾರದ ಯಂತ್ರ ತಿರುಗಿಸ್ತಿತ್ತು. ಎಂಟು ಫಲಕದಿಂದ ಎಂಟು ಕಿರಣ. ಕಿರಣ ಹಾದಾಗ ಹಡಗಿನವನಿಗೆ ಮಿಂಚು, ನಡುವೆ ಕತ್ತಲು. ಹಿಂದಿನ ವರ್ಷ, 1822ರ ಆಗಸ್ಟಿನಲ್ಲಿ, ಇದೇ ಯಂತ್ರವನ್ನ ಪ್ಯಾರಿಸ್ಸಿನ ಅರ್ಧ ಕಟ್ಟಿದ ವಿಜಯ ಕಮಾನಿನ ಮೇಲಿಟ್ಟು ಪರೀಕ್ಷೆ ಮಾಡಿದ್ರು. ದೊರೆ ಹದಿನೆಂಟನೇ ಲೂಯಿ ಸಮೇತ ಎಲ್ಲರೂ ನೋಡಿದ್ದು 32 ಕಿಲೋಮೀಟರ್ ಆಚೆಯಿಂದ.

ಕೊರ್ದುವಾದಲ್ಲಿ ದೀಪ ಹೊತ್ತಿದ ಸ್ವಲ್ಪ ದಿನಕ್ಕೇ ಫ್ರೆನೆಲ್‌ಗೆ ಕೆಮ್ಮಿನಲ್ಲಿ ರಕ್ತ ಬರೋಕೆ ಶುರುವಾಯ್ತು. ಕ್ಷಯ. 1827ರಲ್ಲಿ ತೀರಿಕೊಂಡಾಗ ಅವನಿಗೆ 39. ಆಮೇಲೆ ದೀಪಸ್ತಂಭಗಳ ಕೆಲಸವನ್ನ ಅವನ ತಮ್ಮ ಲೆಯೋನೋರ್ ಮುಂದುವರಿಸಿದ.

ಗೋಪುರದಲ್ಲಿ ಬೆಳಗಾದ ಮೇಲೆ ಹುಡುಗನಿಗೆ ಇನ್ನೊಂದು ಕೆಲಸ ಬಾಕಿ. ದೀಪ ಆರಿಸಿ, ಗಾಜು ಒರೆಸಿ, ಸೂರ್ಯ ಏರೋ ಮುಂಚೆ ಸುತ್ತ ಪರದೆ ಎಳೀಬೇಕು. ಒಳಗಿನ ಬೆಂಕಿಯನ್ನ ಕಡಲಿಗೆ ಎಸೆಯೋ ಗಾಜು, ಹೊರಗಿನ ಸೂರ್ಯನನ್ನೂ ಬಿಡಲ್ಲ. ಹಿಡಿದು ತಂದು ನೇರ ಬತ್ತಿಯ ಮೇಲೆ ಬಿಡುತ್ತೆ.