ಮೊಬೈಲ್ ಗೇಮ್ ಕ್ರ್ಯಾಶ್ ವರದಿ

ಆಡುತ್ತಿರುವಾಗಲೇ ಮೊಬೈಲ್ ಗೇಮ್ ತಾನಾಗಿ ಮುಚ್ಚಿಕೊಂಡರೆ ಅದನ್ನು ಕ್ರ್ಯಾಶ್ ಎನ್ನುತ್ತಾರೆ. ಆ ಗಳಿಗೆಯಲ್ಲಿ ಫೋನ್ ಬರೆದಿಟ್ಟ ದಾಖಲೆ ಕ್ರ್ಯಾಶ್ ಲಾಗ್. ಅದು ಗೇಮ್ ತಯಾರಕರ ಕೈಸೇರಿದಾಗ ಕ್ರ್ಯಾಶ್ ವರದಿ. ಎಲ್ಲ ಫೋನ್‌ಗಳಲ್ಲೂ ಮುಚ್ಚಿಕೊಳ್ಳುವ ಗೇಮ್‌ನ ತಪ್ಪನ್ನು ತಯಾರಕರು ತಮ್ಮ ಮೇಜಿನ ಮೇಲೇ ಕಂಡುಹಿಡಿಯಬಲ್ಲರು. ಕೆಲವು ಫೋನ್‌ಗಳಲ್ಲಿ ಮಾತ್ರ ಮುಚ್ಚಿಕೊಳ್ಳುವ ಗೇಮ್‌ನದು ಬೇರೆ ಕಥೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆಯಲ್ಲಿ ಯಾರದೋ ಕೈಯಲ್ಲಿರುವ ಹಳೆಯ ಫೋನ್ ಬೆಂಗಳೂರಿನ ಸ್ಟುಡಿಯೋದಲ್ಲಿ ಇರುವುದಿಲ್ಲ. ಅಲ್ಲಿ ಏನಾಯಿತು ಎಂಬುದಕ್ಕೆ ಸಾಕ್ಷಿ ಅಲ್ಲಿಂದ ಬಂದ ವರದಿಯೊಂದೇ.

ಆಂಡ್ರಾಯ್ಡ್‌ನ ಮೊದಲ ವರ್ಷಗಳಲ್ಲಿ ಆ ಸಾಕ್ಷಿಯೂ ಇರಲಿಲ್ಲ. ಫೋನನ್ನು ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ `adb logcat` ಓಡಿಸಿದರಷ್ಟೇ ಲಾಗ್ ಕಾಣುತ್ತಿತ್ತು. ಲಾಗ್‌ಗೆ ಮೀಸಲಾದ ಜಾಗ ಚಿಕ್ಕದು. ಹೊಸ ಸಾಲು ಬಂದಂತೆ ಹಳೆಯದು ಅಳಿಯುತ್ತದೆ. 2010ರಲ್ಲಿ ಬಂದ ಆಂಡ್ರಾಯ್ಡ್ 2.2 ಆವೃತ್ತಿಯು ‘ವರದಿ ಮಾಡಿ’ ಎಂಬ ಗುಂಡಿ ಕೊಟ್ಟಿತು. ಬಳಕೆದಾರ ಒತ್ತಿದರೆ ದಾಖಲೆ ತಯಾರಕರ ಖಾತೆಗೆ ಹೋಗುತ್ತಿತ್ತು. 2011ರಲ್ಲಿ ಹುಟ್ಟಿದ ಕ್ರ್ಯಾಶ್‌ಲಿಟಿಕ್ಸ್ ಈ ಕೆಲಸವನ್ನು ಗೇಮ್‌ನೊಳಗೇ ಸೇರಿಸಿತು. ಅದನ್ನು 2013ರಲ್ಲಿ ಟ್ವಿಟರ್, 2017ರಲ್ಲಿ ಗೂಗಲ್ ಕೊಂಡುಕೊಂಡವು. ಒಂದೇ ಬಗೆಯ ಸಾವಿರ ವರದಿಗಳನ್ನು ಒಂದೇ ಕಟ್ಟಾಗಿ ಕಟ್ಟಿ, ಯಾವ ಮಾದರಿಯ ಫೋನಿನಿಂದ ಎಷ್ಟು ಬಂದವೆಂದು ತೋರಿಸುವ ಪದ್ಧತಿ ಬೇರೂರಿದ್ದು ಇಂಥ ಸಲಕರಣೆಗಳಿಂದ.

ಓದಲು ಸುಲಭವಾದ ವರದಿ ಹೀಗಿರುತ್ತದೆ:

```
signal 11 (SIGSEGV), code 1 (SEGV_MAPERR), fault addr 0x0
#00 pc 0001a2b4  /vendor/lib/egl/libGLES_mali.so
#01 pc 0042f1c8  /data/app/.../lib/arm/libgame.so
```

ಮೊದಲ ಸಾಲು ಸಾವಿನ ಬಗೆಯನ್ನು ಹೇಳುತ್ತದೆ: ಗೇಮ್ ತನ್ನದಲ್ಲದ ಮೆಮೊರಿ ವಿಳಾಸವನ್ನು, ಇಲ್ಲಿ ಸೊನ್ನೆಯನ್ನು, ಮುಟ್ಟಲು ಹೋಗಿದೆ. ಕೆಳಗಿನ ಸಾಲುಗಳು ಯಾರು ಯಾರನ್ನು ಕರೆದರು ಎಂಬ ಸರಣಿ. ಕೊನೆಯಲ್ಲಿ ಓಡುತ್ತಿದ್ದ ಕೋಡ್ ಮೇಲಿರುತ್ತದೆ. ಇಲ್ಲಿ `libgame.so` ಗೇಮ್‌ನದು, ಅದರ ಮೇಲಿನದು ಫೋನಿನ ಗ್ರಾಫಿಕ್ಸ್ ಚಿಪ್‌ನ ಡ್ರೈವರ್. ಬರೀ ಅಂಕಿಗಳಾಗಿರುವ `pc` ವಿಳಾಸಗಳನ್ನು ಕಡತದ ಹೆಸರು, ಸಾಲಿನ ಸಂಖ್ಯೆಗಳಾಗಿ ಬಿಡಿಸುವ ಸಾಧನ `ndk-stack`. ಆದರೆ ಅದಕ್ಕೆ ಬಿಡುಗಡೆಯಾದ ಅದೇ ಬಿಲ್ಡ್‌ನ ಸಿಂಬಲ್ ಕಡತ ಬೇಕು. ಅದನ್ನು ಎತ್ತಿಡದ ತಂಡಕ್ಕೆ ಇಂಥ ವರದಿ ಬಂದೂ ಬರದಂತೆ. ಸಾವು ಡ್ರೈವರ್‌ನಲ್ಲಿ ಆದ ಮಾತ್ರಕ್ಕೆ ತಪ್ಪು ಡ್ರೈವರ್‌ನದೇ ಎನ್ನಲಾಗದು. ಗೇಮ್ ಕೊಟ್ಟ ಕೆಟ್ಟ ಮಾಹಿತಿಯನ್ನು ಒಂದು ಚಿಪ್ ಸಹಿಸಿ ಇನ್ನೊಂದು ಸಹಿಸದಿರುವುದು ಸಾಮಾನ್ಯ.

ಭಾರತದ ಫೋನ್‌ಗಳಲ್ಲಿ ಇದಕ್ಕಿಂತ ಕಠಿಣವಾದ, ಸರಣಿಯೇ ಇಲ್ಲದ ಸಾವೂ ಕಾಡಿದೆ. 2014ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಇಲ್ಲಿ ಬಿಡುಗಡೆ ಮಾಡಿದ ಆಂಡ್ರಾಯ್ಡ್ ಒನ್ ಫೋನ್‌ಗಳನ್ನೇ ನೋಡಬಹುದು. ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಎಂದು ಹೆಸರು ಮೂರಾದರೂ ಒಳಗಿದ್ದುದು ಒಂದೇ: ಮೀಡಿಯಾಟೆಕ್‌ನ ಎಂಟಿ6582 ಚಿಪ್, ಮಾಲಿ-400 ಗ್ರಾಫಿಕ್ಸ್, 1 ಜಿಬಿ ರ್‍ಯಾಮ್. ಇಂಥ ಫೋನ್‌ನಲ್ಲಿ ಗೇಮ್ ಮೊದಲ ಪರದೆಯನ್ನು ಸರಿಯಾಗಿ ತೋರಿಸಿ, ಹಂತ ಲೋಡ್ ಆಗುವಾಗ ಹೇಳದೆ ಕೇಳದೆ ಮಾಯವಾಗುತ್ತದೆ ಎಂದುಕೊಳ್ಳೋಣ. ಕ್ರ್ಯಾಶ್ ಪಟ್ಟಿ ಖಾಲಿ. ಕೇಬಲ್ ಹಾಕಿ ನೋಡಿದರೆ ಸಿಗುವುದು ಇಷ್ಟೇ:

```
ActivityManager: Process com.example.game (pid 4312) has died
```

ಗೇಮ್ ತಾನಾಗಿ ಬಿದ್ದಿಲ್ಲ, ಯಾರೋ ಕೊಂದಿದ್ದಾರೆ ಎಂಬುದರ ಗುರುತು ಇದು. ರ್‍ಯಾಮ್ ಬರಿದಾದಾಗ ಆಂಡ್ರಾಯ್ಡ್ ಯಾವುದಾದರೂ ಪ್ರೋಗ್ರಾಮನ್ನು ಕೊಂದು ಜಾಗ ಮಾಡಿಕೊಳ್ಳುತ್ತದೆ. ಹೀಗೆ ಕೊಲ್ಲುವ ಸಂಕೇತ, ಸಿಗ್ನಲ್ 9, ಗೇಮ್‌ಗೆ ಕೊನೆಯ ಮಾತು ಬರೆಯಲೂ ಬಿಡುವುದಿಲ್ಲ. ಗೇಮ್‌ನೊಳಗೇ ಕುಳಿತ ವರದಿಗಾರನೂ ಅದರೊಂದಿಗೇ ಸಾಯುತ್ತಾನೆ.

ಹಾಗಾದರೆ ರ್‍ಯಾಮ್ ತಿಂದದ್ದು ಯಾರು? `adb shell dumpsys meminfo` ಎಂಬ ಆಜ್ಞೆಗೆ ಗೇಮ್‌ನ ಹೆಸರು ಕೊಟ್ಟು, ಹಂತ ಲೋಡ್ ಆಗುತ್ತಿರುವಾಗ ಮತ್ತೆ ಮತ್ತೆ ಓಡಿಸಿದರೆ ಗ್ರಾಫಿಕ್ಸ್‌ನ ಪಾಲು ಏರುವುದು ಕಾಣುತ್ತದೆ. ಗೇಮ್‌ನ ಚಿತ್ರಗಳನ್ನು, ಅಂದರೆ ಟೆಕ್ಸ್ಚರ್‌ಗಳನ್ನು, ಇಟಿಸಿ2 ಎಂಬ ಒತ್ತಿದ ರೂಪದಲ್ಲಿ ಕಟ್ಟಿರುತ್ತಾರೆ. ಪಾರದರ್ಶಕತೆ ಇರುವ 2048×2048 ಅಳತೆಯ ಚಿತ್ರಕ್ಕೆ ಅದರಲ್ಲಿ 4 ಎಂಬಿ ಸಾಕು. ಮಾಲಿ-400 ಹಳೆಯ ಓಪನ್‌ಜಿಎಲ್ ಇಎಸ್ 2.0 ಚಿಪ್; ಅದಕ್ಕೆ ಇಟಿಸಿ1 ಗೊತ್ತು, ಇಟಿಸಿ2 ಗೊತ್ತಿಲ್ಲ. ಚಿಪ್‌ಗೆ ಅರಿಯದ ರೂಪ ಬಂದರೆ ಯೂನಿಟಿಯಂಥ ಗೇಮ್ ಎಂಜಿನ್ ಚಿತ್ರವನ್ನು ಪೂರ್ತಿ ಬಿಚ್ಚಿ ಮೆಮೊರಿಗೆ ಹಾಕುತ್ತದೆ: ಪ್ರತಿ ಚುಕ್ಕಿಗೆ 4 ಬೈಟ್, ಒಂದು ಚಿತ್ರಕ್ಕೆ 16 ಎಂಬಿ. ಹಂತದಲ್ಲಿ ಇಂಥ 30 ಚಿತ್ರಗಳಿದ್ದರೆ ಬೇರೆಡೆ 120 ಎಂಬಿ ಬೇಡುವ ಗೇಮ್ ಇಲ್ಲಿ 480 ಎಂಬಿ ಬೇಡುತ್ತದೆ. ಆಂಡ್ರಾಯ್ಡ್ ತನ್ನ ಪಾಲು ತೆಗೆದುಕೊಂಡ ಮೇಲೆ 1 ಜಿಬಿ ಫೋನಿನಲ್ಲಿ ಅಷ್ಟು ಜಾಗ ಉಳಿದಿರುವುದು ಕಷ್ಟ.

ಇದನ್ನು ಗುರುತಿಸಲು ದೂರುಗಳನ್ನು ಕಂಪನಿಯ ಹೆಸರಿನ ಬದಲು ಗ್ರಾಫಿಕ್ಸ್ ಚಿಪ್‌ನ ಪ್ರಕಾರ ಗುಂಪು ಮಾಡಬೇಕು. ಬ್ರ್ಯಾಂಡ್ ನೋಡುತ್ತ ಕುಳಿತರೆ ಮೂರು ಬೇರೆ ಬೇರೆ ಕಾಯಿಲೆಗಳಂತೆ ಕಾಣುವುದು ಚಿಪ್ ನೋಡಿದೊಡನೆ ಒಂದಾಗುತ್ತದೆ. ಪರಿಹಾರವೂ ದೊಡ್ಡದಲ್ಲ: ಇಟಿಸಿ2 ಇಲ್ಲದ ಫೋನ್‌ನಲ್ಲಿ ಚಿತ್ರವನ್ನು ಅರ್ಧ ಅಳತೆಗೆ ಇಳಿಸುವ ಆಯ್ಕೆ ಯೂನಿಟಿಯಲ್ಲೇ ಬಂತು. ಅಗಲ, ಎತ್ತರ ಎರಡೂ ಅರ್ಧವಾದಾಗ ಬಿಚ್ಚಿದ ಚಿತ್ರವೂ 4 ಎಂಬಿಗೆ ಇಳಿಯುತ್ತದೆ. ಚಿತ್ರ ಸ್ವಲ್ಪ ಮಸುಕಾಗುತ್ತದೆ, ಆಟ ನಿಲ್ಲುವುದಿಲ್ಲ.

ಸತ್ತ ಮೇಲೆ ಕಾರಣ ಹುಡುಕುವ ಬದಲು ಬದುಕಿರುವಾಗಲೇ ಅಳೆಯಬೇಕೆಂಬ ಯೋಚನೆಗೆ ಬೆಂಗಳೂರಿನದೊಂದು ಮುಖ್ಯ ಕೊಡುಗೆ ಇದೆ. 2012ರಲ್ಲಿ ಇಲ್ಲಿ ಆರಂಭವಾದ ಲಿಟಲ್ ಐ ಲ್ಯಾಬ್ಸ್, ಆಂಡ್ರಾಯ್ಡ್ ಆ್ಯಪ್ ಓಡುತ್ತಿರುವಾಗ ಮೆಮೊರಿ, ಬ್ಯಾಟರಿ, ಡೇಟಾ ಎಷ್ಟೆಷ್ಟು ಬಳಸುತ್ತದೆಂದು ತೋರಿಸುವ ಸಾಧನ ಕಟ್ಟಿತು. ಮೇಲಿನ ಉದಾಹರಣೆಯಲ್ಲಿ ಲಾಗ್ ಹೇಳದೆ ಉಳಿಸಿದ್ದನ್ನು ಇಂಥ ಅಳತೆಯೇ ಹೇಳಬಲ್ಲದು. 2014ರ ಜನವರಿಯಲ್ಲಿ ಫೇಸ್‌ಬುಕ್ ಆ ಕಂಪನಿಯನ್ನು ಕೊಂಡಿತು. ಅದು ಭಾರತದಲ್ಲಿ ಫೇಸ್‌ಬುಕ್‌ನ ಮೊದಲ ಖರೀದಿ.

ಮೂಕ ಸಾವಿಗೆ ಫೋನೇ ಬಾಯಿ ಕೊಟ್ಟಿದ್ದು 2020ರ ಆಂಡ್ರಾಯ್ಡ್ 11ರಲ್ಲಿ. ಗೇಮ್ ಮರಳಿ ತೆರೆದಾಗ `ApplicationExitInfo` ಮೂಲಕ ಹಿಂದಿನ ಬಾರಿ ತಾನೇಕೆ ಮುಚ್ಚಿದೆನೆಂದು ಕೇಳಬಹುದು. ಮೆಮೊರಿ ಸಾಲದ್ದಕ್ಕೆ ಉತ್ತರ `REASON_LOW_MEMORY`. ಕೆಲವು ಫೋನ್‌ಗಳು ಇದನ್ನು ಬಿಡಿಸಿ ಹೇಳದೆ ಸಿಗ್ನಲ್ 9 ಬಂತೆಂದಷ್ಟೇ ಹೇಳುತ್ತವೆ. ಅತಿ ಹೆಚ್ಚು ತೊಂದರೆ ಪಡುವ ಹಳೆಯ ಫೋನ್‌ಗಳಿಗೆ ಆಂಡ್ರಾಯ್ಡ್ 11 ತಲುಪಲೇ ಇಲ್ಲ ಎಂಬುದು ಇದರ ನಿಜವಾದ ಕೊರತೆ.

2022ರಲ್ಲಿ ಗೂಗಲ್ ಪ್ಲೇ ಪ್ರತಿ ಫೋನ್ ಮಾದರಿಗೂ ಮಿತಿ ಹಾಕಿತು. ಒಂದು ಮಾದರಿಯಲ್ಲಿ ದಿನದ ಬಳಕೆದಾರರ ಪೈಕಿ ಶೇ 8ಕ್ಕಿಂತ ಹೆಚ್ಚು ಮಂದಿಗೆ ಗೇಮ್ ಕಣ್ಣೆದುರೇ ಮುಚ್ಚಿಕೊಂಡರೆ, ಆ ಮಾದರಿಯವರಿಗೆ ಅದು ಅಂಗಡಿಯಲ್ಲಿ ಸುಲಭವಾಗಿ ಕಾಣದಂತಾಗಬಹುದು. ತಯಾರಕರು ಇಡೀ ಮಾದರಿಯನ್ನೇ ಪಟ್ಟಿಯಿಂದ ತೆಗೆದು ಅಂಕಿ ಚೆಂದ ಮಾಡಿಕೊಳ್ಳಲೂ ಬಹುದು. ಅದು ದುರಸ್ತಿಯಲ್ಲ. ಆ ಫೋನ್ ಹಿಡಿದವನ ತೊಂದರೆ ಹಾಗೆಯೇ ಉಳಿಯುತ್ತದೆ, ವರದಿ ಮಾತ್ರ ನಿಲ್ಲುತ್ತದೆ.

ಈಚೆಗೆ ಪೆಟ್ಟು ಹೊಸ ಫೋನ್‌ಗಳ ಕಡೆಯಿಂದಲೂ ಬರುತ್ತಿದೆ. ಆಂಡ್ರಾಯ್ಡ್ 15ರಿಂದ ಮೆಮೊರಿಯನ್ನು 4 ಕೆಬಿಗೆ ಬದಲಾಗಿ 16 ಕೆಬಿ ಪುಟಗಳಲ್ಲಿ ಹಂಚುವ ಫೋನ್‌ಗಳಿಗೆ ಅವಕಾಶವಿದೆ. ಹಳೆಯ ಅಳತೆಗೆ ಕಟ್ಟಿದ `.so` ಕಡತ ಅಲ್ಲಿ ಲೋಡ್ ಆಗದೆ ಗೇಮ್ ತೆರೆಯುವಾಗಲೇ ಮುಚ್ಚಿಕೊಳ್ಳಬಹುದು. ಆದರೆ ಈ ಸಾವು ಮೂಕವಲ್ಲ: ಲಾಗ್‌ನಲ್ಲಿ `dlopen failed` ಎಂಬ ಸಾಲಿನೊಂದಿಗೆ ತೊಡಕಿನ ಕಡತದ ಹೆಸರೂ ಇರುತ್ತದೆ, ಆ ಕಡತವನ್ನು ಹೊಸ ಅಳತೆಗೆ ಮತ್ತೆ ಕಟ್ಟಿದರೆ ಗೇಮ್ ತೆರೆದುಕೊಳ್ಳುತ್ತದೆ.