ಒಂದು ಫೈಲ್, ನಾಲ್ಕು ಸ್ಯಾಡಲ್: ಡಿಸೈನ್ ಟೇಬಲ್‌ನಲ್ಲಿ ಯಾವ ಅಳತೆಗೆ ಜಾಗವಿರಬೇಕು?

ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳಲ್ಲಿ ಕೊಳವೆಬಾವಿ ನೀರು ನಂಬಿದ ಅರಿಶಿನ, ಬಾಳೆ ಹೊಲಗಳಿಗೆ ಪಿವಿಸಿ ಪೈಪೇ ನೀರಿನ ದಾರಿ. ಮುಖ್ಯ ಪೈಪಿನಿಂದ ಕವಲು ತೆಗೆಯಲು ಅದರ ಮೇಲೆ ಎರಡು ಹೋಳಾಗಿ ಕೂತು ಬೋಲ್ಟಿನಿಂದ ಬಿಗಿಯುವ ಭಾಗವೇ ಸ್ಯಾಡಲ್. ಐಎಸ್ 4985 ಮಾನಕದಲ್ಲಿ ಪೈಪನ್ನು ಗುರುತಿಸುವುದು ಹೊರವ್ಯಾಸದಿಂದ. ಒತ್ತಡದ ವರ್ಗ ಬದಲಾದರೆ ಗೋಡೆಯ ದಪ್ಪ ಬದಲಾಗುತ್ತದೆ, ಹೊರವ್ಯಾಸವಲ್ಲ. ಹಾಗಾಗಿ 63, 75, 90, 110 ಮಿ.ಮೀ. ಪೈಪುಗಳ ಸ್ಯಾಡಲ್‌ಗಳಿಗೆ ಒಂದೇ ಪಾರ್ಟ್ ಫೈಲ್, ನಾಲ್ಕು ಕಾನ್ಫಿಗರೇಶನ್ ಸಾಕು. ಆದರೆ ಟೇಬಲ್‌ನಲ್ಲಿ ಸ್ವತಂತ್ರ ಅಳತೆಗಳಷ್ಟೇ ಇರಬೇಕು, ಅವುಗಳಿಂದ ಹುಟ್ಟುವ ಅಳತೆಗಳು ಸಮೀಕರಣದಲ್ಲಿರಬೇಕು ಎಂಬುದು ಈ ಲೇಖನದ ವಾದ.

ವಾದಕ್ಕೆಂದು ಆಯ್ದ ಅಳತೆಗಳಲ್ಲಿ ಇದನ್ನು ಪರೀಕ್ಷಿಸಬಹುದು. ಸಾಲಿಡ್‌ವರ್ಕ್ಸ್‌ನ ಟೇಬಲ್‌ನಲ್ಲಿ ಪ್ರತಿ ಸಾಲು ಒಂದು ಗಾತ್ರ, ಪ್ರತಿ ಕಂಬಸಾಲು ಒಂದು ಅಳತೆ. ಕೊನೆಯದರಲ್ಲಿ S ಎಂದರೆ ಆ ಗಾತ್ರದಲ್ಲಿ ಪಕ್ಕೆಪಟ್ಟಿ ಇಲ್ಲ, U ಎಂದರೆ ಇದೆ.

```
       OD@Sketch1  T@Sketch1  $STATE@Rib1
SD63   63          5          S
SD75   75          5          S
SD90   90          6          U
SD110  110         6          U

"Pitch@Sketch2" = "OD@Sketch1" + 2 * "T@Sketch1" + 20
```

ಎರಡು ಬೋಲ್ಟ್ ತೂತುಗಳ ನಡುವಿನ ಅಂತರ ಟೇಬಲ್‌ನಲ್ಲಿಲ್ಲ. ಎಂ8 ಬೋಲ್ಟಿನ 16 ಮಿ.ಮೀ. ವಾಷರ್ ಕೂರಲೆಂದು ತೂತಿನ ಕೇಂದ್ರವನ್ನು ಗೋಡೆಯ ಹೊರಮೈಯಿಂದ 10 ಮಿ.ಮೀ. ಆಚೆ ಇಡುವ ಸಮೀಕರಣವೇ ಅದನ್ನು ಲೆಕ್ಕ ಹಾಕುತ್ತದೆ: 93, 105, 122, 142. ಬದಲಿಗೆ ಅಂತರಕ್ಕೂ ಒಂದು ಕಂಬಸಾಲು ಕೊಟ್ಟು, 90ರ ಸಾಲನ್ನು ನಕಲಿಸಿ 110ರದನ್ನು ಮಾಡಿದಾಗ 122 ಹಾಗೇ ಉಳಿಯಿತೆನ್ನೋಣ. ಆಗ ತೂತಿನ ಕೇಂದ್ರ ನಡುವಿನಿಂದ 61 ಮಿ.ಮೀ. ದೂರಕ್ಕೆ, ಅಂದರೆ ಸರಿಯಾಗಿ ಗೋಡೆಯ ಹೊರಮೈ ಮೇಲೆಯೇ ಬೀಳುತ್ತದೆ. 9 ಮಿ.ಮೀ. ತೂತು ಗೋಡೆಯನ್ನು ಕೊರೆದು, 6 ಮಿ.ಮೀ. ಇರಬೇಕಾದಲ್ಲಿ ಒಂದೂವರೆ ಮಿ.ಮೀ. ಮಾತ್ರ ಉಳಿಸುತ್ತದೆ. ಜ್ಯಾಮಿತಿ ಸಾಧ್ಯವಿರುವುದರಿಂದ ತಂತ್ರಾಂಶ ಯಾವ ದೋಷವನ್ನೂ ತೋರಿಸುವುದಿಲ್ಲ. ಪ್ರತಿ ಕಾನ್ಫಿಗರೇಶನ್ ತೆರೆದು, Ctrl+Q ಒತ್ತಿ ಮರುರಚಿಸಿ, ತೂತಿಗೂ ಒಳಮೈಗೂ ನಡುವಿನ ಅತಿ ಕಡಿಮೆ ದಪ್ಪ ಅಳೆದರೆ ಮಾತ್ರ ಇದು ಸಿಕ್ಕುತ್ತದೆ.

ನಾಲ್ಕೇ ಗಾತ್ರಕ್ಕೆ ನಾಲ್ಕು ಫೈಲ್ ಸರಳವಲ್ಲವೇ ಎಂಬುದು ಮೊದಲ ಆಕ್ಷೇಪ. ಮೊದಲ ದಿನ ಸರಳವೇ. ವಾಷರ್ ದೊಡ್ಡದಾದ ದಿನ ನಾಲ್ಕು ಕಡೆ ತಿದ್ದಬೇಕು, ಒಂದು ತಪ್ಪಿದರೂ ಗೊತ್ತಾಗದು. ಒಂದೇ ಫೈಲಿನ ತಪ್ಪು ಎಲ್ಲ ಗಾತ್ರಕ್ಕೂ ಹಬ್ಬುತ್ತದೆಂಬ ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: 63ಕ್ಕೆಂದು ಮಾಡಿದ ತಿದ್ದುಪಡಿ ಈಗಾಗಲೇ ಅಚ್ಚಾಗಿರುವ 110ನ್ನೂ ಸದ್ದಿಲ್ಲದೆ ಬದಲಿಸಬಹುದು. ಇದಕ್ಕೆ ಉತ್ತರ, ಅಚ್ಚಿಗೆ ಹೋದ ಗಾತ್ರದ ಪ್ರತಿಯನ್ನು ಬೇರೆಯಾಗಿ ಉಳಿಸಿ, ಪ್ರತಿ ತಿದ್ದುಪಡಿಯ ನಂತರ ಅದರೊಡನೆ ಹೋಲಿಸುವುದು. ವಿಧಾನಕ್ಕೂ ಮಿತಿಯಿದೆ: ದೊಡ್ಡ ಗಾತ್ರಕ್ಕೆ ಎರಡರ ಬದಲು ನಾಲ್ಕು ಬೋಲ್ಟ್, ಬೇರೆ ಆಕಾರದ ಕಿವಿ ಬೇಕಾದರೆ ಟೇಬಲ್ S, Uಗಳಿಂದಲೇ ತುಂಬುತ್ತದೆ. ಸಮೀಕರಣ ಎಲ್ಲ ಸಾಲಿಗೂ ಒಂದೇ ಆಗಿ ಹೊಂದುವವರೆಗೆ ಒಂದು ಫೈಲ್. ಹೊಂದದಿದ್ದರೆ ಅದು ಬೇರೆಯೇ ಭಾಗ, ಅದಕ್ಕೆ ಬೇರೆ ಫೈಲೇ ಸರಿ.